ಹೊಳೆಯುವ ಅರಗಿನ ಆಟಿಕೆಗೆ ಬಿಳಿ ಹಿನ್ನೆಲೆಯ ಫೋಟೋ: ಫೋನು, ಎರಡು ಬಲ್ಬು, ಒಂದಿಷ್ಟು ಕಾಗದ

ಚನ್ನಪಟ್ಟಣದ ಅರಗಿನ ಆಟಿಕೆಗಳನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟವರ ಫೋಟೋಗಳಲ್ಲಿ ಮೂರು ದೋಷಗಳು ಮತ್ತೆ ಮತ್ತೆ ಕಾಣುತ್ತವೆ. ಬಿಳಿ ಹಾಳೆಯ ಮೇಲೆ ಇಟ್ಟು ತೆಗೆದರೂ ಹಿನ್ನೆಲೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಆಟಿಕೆಯ ಉಬ್ಬಿದ ಜಾಗದಲ್ಲಿ ಬಲ್ಬಿನ ಚುಕ್ಕೆಯೋ ಟ್ಯೂಬ್‌ಲೈಟಿನ ಗೆರೆಯೋ ಕುಳಿತು ಅಲ್ಲಿನ ಬಣ್ಣವನ್ನೇ ನುಂಗಿರುತ್ತದೆ. ಕೈಯಲ್ಲಿ ಹಿಡಿದಾಗ ದಟ್ಟ ಕೆಂಪಾಗಿದ್ದ ಉಂಗುರ ಫೋಟೋದಲ್ಲಿ ಕಿತ್ತಳೆಗೆ ಹೊರಳಿರುತ್ತದೆ, ಇಲ್ಲವೇ ಮಂಕಾಗಿರುತ್ತದೆ. ಇದಕ್ಕೆ ಹೆಚ್ಚಿನವರು ಹುಡುಕುವ ಪರಿಹಾರ ಇನ್ನೂ ಒಳ್ಳೆಯ ಫೋನು, ಇನ್ನೂ ಜೋರು ಬೆಳಕು. ಎರಡೂ ತಪ್ಪು ದಾರಿ.

ತಿರುಗುವ ಮರದ ಮೇಲೆ ಅರಗನ್ನು ಒತ್ತಿ, ತಾಳೆಗರಿಯಲ್ಲಿ ಉಜ್ಜಿ ಮಾಡಿದ ಮೈ ಒಂದು ಡೊಂಕು ಕನ್ನಡಿ. ಕೋಣೆಯಲ್ಲಿ ಅದರ ಎದುರು ಏನಿದೆಯೋ ಅದೆಲ್ಲ ಅದರ ಮೈಮೇಲೆ ಮೂಡುತ್ತದೆ: ಬಲ್ಬು, ಕಿಟಕಿ, ಫ್ಯಾನು, ನಿಮ್ಮ ಬಿಳಿ ಅಂಗಿ. ಹಾಗಾಗಿ ಇಲ್ಲಿ ಮುಖ್ಯ ಕೆಲಸ ಆಟಿಕೆಯ ಎದುರು ಏನಿರಬೇಕು, ಏನಿರಬಾರದು ಎಂದು ತೀರ್ಮಾನಿಸುವುದು. ಕೆಳಗಿನ ಹಂತಗಳು ಆ ಕ್ರಮದಲ್ಲೇ ಇವೆ. ಫೋನು ಕೈಗೆ ಬರುವುದು ಆರನೆಯ ಹಂತದಲ್ಲಿ. ಅದಕ್ಕೂ ಮೊದಲೇ ಫೋನು ಎತ್ತಿಕೊಂಡರೆ ಅದರ ಪರದೆಯ ಚೆಂದಕ್ಕೆ ಕಣ್ಣು ಸೋಲುತ್ತದೆ.

ಉದಾಹರಣೆಗೆ ಒಂದೇ ವಸ್ತುವನ್ನು ಕೊನೆಯವರೆಗೂ ಹಿಡಿದುಕೊಳ್ಳೋಣ: ಸುಮಾರು 18 ಸೆಂಟಿಮೀಟರ್ ಎತ್ತರದ, ಕಡ್ಡಿಗೆ ಪೋಣಿಸುವ ಉಂಗುರಗಳ ಗೋಪುರ. ಕೆಂಪು, ಹಳದಿ, ಹಸಿರು ಉಂಗುರಗಳು, ತುದಿಯಲ್ಲಿ ಒಂದು ಗುಂಡು. ಪ್ರತಿ ಉಂಗುರವೂ ಉಬ್ಬಿರುವುದರಿಂದ ಬೆಳಕಿನ ತಪ್ಪು ಇದರಲ್ಲಿ ಸಾಲುಸಾಲಾಗಿ ಕಾಣುತ್ತದೆ. ಇದು ಸರಿಬಂದರೆ ಬುಗುರಿ, ಗಿಲಕಿ, ಬಳೆ ಸ್ಟ್ಯಾಂಡು ಯಾವುದೂ ಕಷ್ಟವಲ್ಲ.

## ಬೇಕಾಗುವ ಸಾಮಾನು

ಸಾಧಾರಣ ಹೋಲ್ಡರಿಗೆ ಹಾಕುವ 12 ವ್ಯಾಟಿನ ಎರಡು ಎಲ್‌ಇಡಿ ಬಲ್ಬು ಸಾಕು. ಎರಡೂ ಒಂದೇ ಕಂಪನಿಯವು, ಒಂದೇ ಮಾದರಿಯವು ಆಗಿರಲಿ. ಡಬ್ಬಿಯ ಮೇಲೆ 6500K ಎಂದಿರುವ ಬಿಳಿ ಬೆಳಕಿನವನ್ನೇ ಆರಿಸಿ. ಕೆಲವು ಡಬ್ಬಿಗಳ ಮೇಲೆ CRI ಎಂಬ ಅಂಕಿಯೂ ಇರುತ್ತದೆ. ಬೆಳಕು ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದರ ಅಳತೆ ಅದು. 90 ಅಥವಾ ಮೇಲ್ಪಟ್ಟದ್ದು ಸಿಕ್ಕರೆ ಸ್ವಲ್ಪ ಹೆಚ್ಚು ಕೊಟ್ಟಾದರೂ ತನ್ನಿ. ಸಾಮಾನ್ಯ ಬಲ್ಬುಗಳದು 80ರ ಆಸುಪಾಸು ಇರುತ್ತದೆ, ಅವುಗಳಲ್ಲಿ ಮೊದಲು ಕೈಕೊಡುವುದು ದಟ್ಟ ಕೆಂಪು.

ಜೊತೆಗೆ ದೊಡ್ಡ ಬಿಳಿ ಚಾರ್ಟ್ ಪೇಪರ್ ಎರಡು, ಕಪ್ಪು ಚಾರ್ಟ್ ಪೇಪರ್ ಒಂದು, ಬಿಳಿ ಥರ್ಮಾಕೋಲ್ ಹಲಗೆ ಒಂದು, ಟ್ರೇಸಿಂಗ್ ಪೇಪರ್ ಅಥವಾ ಬಟರ್ ಪೇಪರ್, ನಾಲ್ಕಾರು ಬೈಂಡರ್ ಕ್ಲಿಪ್, ಟೇಪು, ಫೋನ್ ಹಿಡಿಯುವ ಟ್ರೈಪಾಡ್. ಬಟರ್ ಪೇಪರ್ ಬಿಗಿಯಾಗಿ ಅಂಟಿಸಲು ಸುಮಾರು ಒಂದೂವರೆ ಅಡಿ ಅಗಲ, ಎರಡು ಅಡಿ ಎತ್ತರದ ಚೌಕಟ್ಟು ಬೇಕು. ಹಳೆಯ ಫೋಟೋ ಫ್ರೇಮಿನ ಗಾಜು ತೆಗೆದರೂ ಆಗುತ್ತದೆ, ದೊಡ್ಡ ರಟ್ಟಿನ ಡಬ್ಬಿಯ ಮಧ್ಯ ಕತ್ತರಿಸಿದರೂ ಆಗುತ್ತದೆ. ಕಾಗದದ ಬದಲು ಬಿಳಿ ಪಂಚೆ ಕಟ್ಟುವುದಾದರೆ ನೀಲಿ ಹಾಕಿ ಒಗೆದದ್ದು ಬೇಡ, ಆ ನೀಲಿ ಫೋಟೋಗೆ ಇಳಿಯುತ್ತದೆ.

ಎರಡು ವಸ್ತುಗಳನ್ನು ಮಾತ್ರ ಈ ಕೆಲಸಕ್ಕೆ ಕೊಳ್ಳಬೇಡಿ. ಒಂದು, ವಿಡಿಯೋ ಮಾಡುವವರ ರಿಂಗ್ ಲೈಟ್. ಮುಖಕ್ಕೆ ಅದು ಚೆನ್ನ, ಆದರೆ ಹೊಳೆಯುವ ಗುಂಡಿನ ಮೇಲೆ ಅದೇ ಉಂಗುರ ಅಚ್ಚೊತ್ತಿದಂತೆ ಕಾಣುತ್ತದೆ. ಇನ್ನೊಂದು, ಒಳಗೆ ಎಲ್‌ಇಡಿ ಪಟ್ಟಿ ಅಂಟಿಸಿದ ಮಡಚುವ ಸಣ್ಣ ಲೈಟ್ ಬಾಕ್ಸ್. ಬಟ್ಟೆ, ಪುಸ್ತಕಕ್ಕೆ ನಡೆಯುತ್ತದೆ. ಅರಗಿನ ಮೈಮೇಲೆ ಆ ಪಟ್ಟಿಯ ಒಂದೊಂದು ದೀಪವೂ ಬೇರೆ ಬೇರೆ ಚುಕ್ಕೆಯಾಗಿ ಮೂಡುತ್ತದೆ.

## ಹಂತ 1: ಆಟಿಕೆಯನ್ನು ಆರಿಸಿ ಒರೆಸುವುದು

ಹತ್ತು ಗೋಪುರಗಳಿದ್ದರೆ ಗೀರು, ಚೆಕ್ಕೆ ಇಲ್ಲದ ಒಂದನ್ನು ಆರಿಸಿ. ಆದರೆ ಅದು ನೀವು ನಿಜವಾಗಿ ಕಳಿಸುವ ಮಾಲಿನ ಹಾಗೆಯೇ ಇರಬೇಕು. ಬೇರೆಲ್ಲವಕ್ಕಿಂತ ಕಡು ಬಣ್ಣ ಬಂದ ಒಂದನ್ನು ಫೋಟೋಗೆಂದು ಎತ್ತಿಟ್ಟರೆ ವಾಪಸ್ ಬರುವ ಪೆಟ್ಟಿಗೆಗಳನ್ನು ನೀವೇ ಕರೆದ ಹಾಗೆ.

ಒಣ ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒರೆಸಿ, ನೀರು ಬೇಡ, ಎಣ್ಣೆ ಬೇಡ. ಎಣ್ಣೆ ಸವರಿದರೆ ಹೊಳಪು ಹೆಚ್ಚುತ್ತದೆ ನಿಜ, ಅದಕ್ಕೆ ಧೂಳೂ ಹಿಡಿಯುತ್ತದೆ. ಒರೆಸಿದ ಮೇಲೆ ಬೆರಳು ತಾಗಿಸದೆ ಬಟ್ಟೆಯಲ್ಲೇ ಹಿಡಿದು ಮೇಜಿಗೆ ಇಡಿ. ಬೆರಳಚ್ಚು ಬರಿಗಣ್ಣಿಗೆ ಕಾಣದಿದ್ದರೂ ಗಿರಾಕಿ ಫೋಟೋ ದೊಡ್ಡದು ಮಾಡಿ ನೋಡಿದಾಗ ಕಾಣುತ್ತದೆ. ಅದೇ ಬಟ್ಟೆಯ ಇನ್ನೊಂದು ಮೂಲೆಯಿಂದ ಫೋನಿನ ಲೆನ್ಸನ್ನೂ ಒರೆಸಿಬಿಡಿ. ಬಲ್ಬಿನ ಸುತ್ತ ಮಂಜು ಕವಿದಂತಹ ಫೋಟೋಗಳಿಗೆ ಬಹುಪಾಲು ಕಾರಣ ಲೆನ್ಸಿನ ಮೇಲಿನ ಜಿಡ್ಡು.

## ಹಂತ 2: ಹಾಳೆಯನ್ನು ಬಾಗಿಸಿ ಕಟ್ಟುವುದು

ಮೇಜನ್ನು ಗೋಡೆಗೆ ಒತ್ತಿಡಿ. ಚಾರ್ಟ್ ಪೇಪರಿನ ಮೇಲಂಚನ್ನು ಗೋಡೆಗೆ ಟೇಪು ಹಾಕಿ, ಕೆಳಭಾಗವನ್ನು ಮೇಜಿನ ಮೇಲೆ ಹರಡಿ. ಗೋಡೆ ಮತ್ತು ಮೇಜು ಕೂಡುವ ಕಡೆ ಹಾಳೆ ಮಡಿಕೆ ಬೀಳದೆ ದೊಡ್ಡದಾಗಿ ಬಾಗಿರಬೇಕು. ಒಮ್ಮೆ ಮಡಿಕೆ ಬಿದ್ದರೆ ಅದು ಆಟಿಕೆಯ ಹಿಂದೆ ಬೂದು ಗೆರೆಯಾಗಿ ನಿಲ್ಲುತ್ತದೆ, ಎಡಿಟಿಂಗ್‌ನಲ್ಲಿ ಅಳಿಸಲು ಹೋದರೆ ಆಟಿಕೆಯ ಅಂಚೂ ಅಳಿಸಿಹೋಗುತ್ತದೆ. ಹಾಳೆ ಸುರುಳಿ ಸುತ್ತಿ ತಂದದ್ದಾದರೆ ಹಿಂದಿನ ರಾತ್ರಿಯೇ ಉಲ್ಟಾ ಸುತ್ತಿಟ್ಟು ನೇರ ಮಾಡಿಕೊಳ್ಳಿ.

ಆಟಿಕೆಯನ್ನು ಬಾಗಿನಿಂದ ಕನಿಷ್ಠ ಒಂದು ಅಡಿ ಮುಂದಕ್ಕೆ ಇಡಿ. ಹೆಚ್ಚಿನವರು ಗೋಡೆಗೆ ಹತ್ತಿರ ಇಡುತ್ತಾರೆ. ಆಗ ಆಟಿಕೆಯ ನೆರಳು ಹಿಂದಿನ ಹಾಳೆಯ ಮೇಲೆಯೇ ಬೀಳುತ್ತದೆ, ಹಿನ್ನೆಲೆಗೆ ಬೇರೆ ಬೆಳಕು ಕೊಡಲೂ ಜಾಗ ಉಳಿಯುವುದಿಲ್ಲ.

ಈಗ ಕೋಣೆಯ ಟ್ಯೂಬ್‌ಲೈಟ್ ಆರಿಸಿ, ಪರದೆ ಎಳೆಯಿರಿ, ಫ್ಯಾನ್ ನಿಲ್ಲಿಸಿ. ಫ್ಯಾನ್ ಗಾಳಿಗೆ ಕಾಗದ ಅಲುಗುವುದು ಒಂದು ತೊಂದರೆ. ತುದಿಯ ಗುಂಡಿನ ಮೇಲೆ ಫ್ಯಾನಿನ ರೆಕ್ಕೆಗಳೇ ಮೂಡುವುದು ಇನ್ನೊಂದು. ಕಿಟಕಿಯ ಬೆಳಕು ಮತ್ತು ಬಲ್ಬಿನ ಬೆಳಕು ಬೆರೆತರೆ ಆಟಿಕೆಯ ಒಂದು ಮಗ್ಗುಲು ನೀಲಿಗೂ ಇನ್ನೊಂದು ಹಳದಿಗೂ ವಾಲುತ್ತದೆ. ಅದನ್ನು ಆಮೇಲೆ ಸರಿಪಡಿಸಲಾಗದು, ಏಕೆಂದರೆ ಒಂದು ಕಡೆ ಸರಿ ಮಾಡಿದರೆ ಇನ್ನೊಂದು ಕಡೆ ಕೆಡುತ್ತದೆ.

## ಹಂತ 3: ಹಿನ್ನೆಲೆಗೆ ಒಂದು ಬಲ್ಬು

ಎರಡು ಬಲ್ಬು ಇವೆ ಎಂದ ಕೂಡಲೇ ಎಡಕ್ಕೊಂದು, ಬಲಕ್ಕೊಂದು ಇಡುವುದು ಎಲ್ಲರ ಅಭ್ಯಾಸ. ಹೊಳೆಯುವ ವಸ್ತುವಿಗೆ ಅದು ಬೇಡ. ಪ್ರತಿ ಉಂಗುರದ ಮೇಲೂ ಎರಡೆರಡು ಹೊಳಪು ಕೂತು, ಆಕಾರ ಚಪ್ಪಟೆಯಾಗಿ, ಹಿನ್ನೆಲೆ ಮಾತ್ರ ಬೂದಾಗಿಯೇ ಉಳಿಯುತ್ತದೆ. ಒಂದು ಬಲ್ಬನ್ನು ಹಿನ್ನೆಲೆಗೇ ಮೀಸಲಿಡಿ.

ಬಲ್ಬನ್ನು ಮೇಜಿನ ಬಲಗಡೆ, ಆಟಿಕೆಗಿಂತ ಹಿಂದೆ ಮತ್ತು ಎತ್ತರದಲ್ಲಿ ನಿಲ್ಲಿಸಿ, ಹಾಳೆಯ ನಿಂತ ಭಾಗಕ್ಕೆ ತಿರುಗಿಸಿ. ಬಲ್ಬು ಮತ್ತು ಆಟಿಕೆಯ ನಡುವೆ ಕಪ್ಪು ಚಾರ್ಟಿನ ಒಂದು ತುಂಡು ಅಡ್ಡ ನಿಲ್ಲಿಸಿದರೆ ಬೆಳಕು ನೇರವಾಗಿ ಆಟಿಕೆಗೆ ಬೀಳುವುದಿಲ್ಲ. ಈ ಬಲ್ಬು ಮಾತ್ರ ಉರಿಯುತ್ತಿರುವಾಗ ನೋಡಿದರೆ ಹಾಳೆ ಬೆಳ್ಳಗೆ, ಆಟಿಕೆ ಅದರ ಮುಂದೆ ಕಪ್ಪಗೆ ಕಾಣಬೇಕು. ಹಾಗೆ ಕಂಡರೆ ಈ ಹಂತ ಮುಗಿಯಿತು.

ಹಿನ್ನೆಲೆಯ ಬೆಳಕು ಅತಿಯಾಗಲೂಬಾರದು. ಅತಿಯಾದರೆ ಅದು ಆಟಿಕೆಯ ಅಂಚಿನ ಸುತ್ತ ಚೆಲ್ಲಿಕೊಂಡು ಬಂದು ತಿಳಿ ಬಣ್ಣಗಳನ್ನು ತಿನ್ನುತ್ತದೆ. ನಮ್ಮ ಗೋಪುರದಲ್ಲಿ ಇದರ ಮೊದಲ ಸೂಚನೆ ಕೊಡುವುದು ಹಳದಿ ಉಂಗುರ. ಅದರ ಅಂಚು ಹಾಳೆಯೊಳಗೆ ಕರಗಿದಂತೆ ಕಂಡರೆ ಬಲ್ಬನ್ನು ಅರ್ಧ ಅಡಿ ಹಿಂದಕ್ಕೆ ಸರಿಸಿ.

## ಹಂತ 4: ಮುಖ್ಯ ಬೆಳಕು

ಸಮಯವೆಲ್ಲ ಇಲ್ಲೇ ಹೋಗುತ್ತದೆ, ಹೋಗಲಿ.

ಬಟರ್ ಪೇಪರ್ ಅಂಟಿಸಿದ ಚೌಕಟ್ಟನ್ನು ಆಟಿಕೆಯ ಎಡಗಡೆ ಸುಮಾರು ಒಂದು ಅಡಿ ದೂರದಲ್ಲಿ ನೆಟ್ಟಗೆ ನಿಲ್ಲಿಸಿ. ಎರಡನೆಯ ಬಲ್ಬು ಚೌಕಟ್ಟಿನ ಆಚೆ, ಕಾಗದದಿಂದ ಮತ್ತೊಂದು ಅಡಿ ದೂರದಲ್ಲಿರಲಿ. ಈಗ ಆಟಿಕೆಗೆ ಬೆಳಕು ಕೊಡುತ್ತಿರುವುದು ಬಲ್ಬಲ್ಲ, ಬೆಳಗಿದ ಕಾಗದ. ಬಲ್ಬಿನ ಗಾತ್ರ ಮುಷ್ಟಿಯಷ್ಟು, ಆದ್ದರಿಂದ ಅದರ ಪ್ರತಿಬಿಂಬ ಚುಕ್ಕೆ. ಕಾಗದ ಆಟಿಕೆಗಿಂತ ಎಷ್ಟೋ ದೊಡ್ಡದು, ಆದ್ದರಿಂದ ಅದರ ಪ್ರತಿಬಿಂಬ ಉದ್ದನೆಯ, ಅಂಚು ಮೆತ್ತಗಿನ ಒಂದು ಪಟ್ಟಿ.

ಅರಗಿನ ಮೇಲೆ ಹೊಳಪೇ ಬೇಡವೆಂದು ಹಟ ಹಿಡಿಯುವವರಿದ್ದಾರೆ. ಹೊಳಪನ್ನು ಪೂರ್ತಿ ತೆಗೆದರೆ ಅರಗು ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಬೇಕಾಗಿರುವುದು ಒಂದೇ ಹೊಳಪು, ಸರಿಯಾದ ಜಾಗದಲ್ಲಿ. ಗೋಪುರದ ಎಡ ಮಗ್ಗುಲಿನಲ್ಲಿ, ಅಂಚಿನಿಂದ ಒಳಕ್ಕೆ ಅಗಲದ ನಾಲ್ಕನೆಯ ಒಂದು ಭಾಗ ಬಂದ ಕಡೆ, ಎಲ್ಲ ಉಂಗುರಗಳ ಮೇಲೂ ಒಂದರ ಕೆಳಗೊಂದು ಸಾಲಾಗಿ ಬಿದ್ದ ಹೊಳಪು ಉಂಗುರ ದುಂಡಗಿದೆ ಎಂದು ಕಣ್ಣಿಗೆ ಹೇಳುತ್ತದೆ.

ಅದನ್ನು ಹುಡುಕುವ ಬಗೆ ಹೀಗೆ. ಫೋನು ನಿಲ್ಲಿಸಬೇಕಾದ ಜಾಗದಲ್ಲಿ ನಿಮ್ಮ ತಲೆ ಇಟ್ಟು ಒಂದು ಕಣ್ಣು ಮುಚ್ಚಿ. ಚೌಕಟ್ಟನ್ನು ನಿಧಾನಕ್ಕೆ ಹಿಂದೆ ಮುಂದೆ ಸರಿಸಲು ಮನೆಯವರೊಬ್ಬರಿಗೆ ಹೇಳಿ. ಚೌಕಟ್ಟು ನಿಮ್ಮ ಕಡೆಗೆ ಬಂದಷ್ಟೂ ಹೊಳಪು ಆಟಿಕೆಯ ನಡುವಿಗೆ ಬರುತ್ತದೆ, ಗೋಡೆಯ ಕಡೆಗೆ ಹೋದಷ್ಟೂ ಅಂಚಿಗೆ ಜಾರುತ್ತದೆ. ಬೇಕಾದ ಕಡೆ ಬಂದಾಗ ನಿಲ್ಲಿಸಿ, ಚೌಕಟ್ಟಿನ ಕಾಲಿಗೆ ನೆಲದ ಮೇಲೆ ಟೇಪಿನ ಗುರುತು ಹಾಕಿ.

ಹೊಳಪಿನ ಪಟ್ಟಿಯ ನಡುವೆ ಇನ್ನೂ ಬೆಳ್ಳನೆಯ ಒಂದು ಚುಕ್ಕೆ ಕಂಡರೆ ಬಲ್ಬು ಕಾಗದಕ್ಕೆ ತೀರಾ ಹತ್ತಿರವಿದೆ ಎಂದರ್ಥ. ಕಾಗದವನ್ನೇ ನೋಡಿ: ನಡುವೆ ಬೆಂಕಿಯಂತೆ ಬೆಳಗಿ ಮೂಲೆಗಳಲ್ಲಿ ಮಂಕಾಗಿದ್ದರೆ ಬಲ್ಬನ್ನು ಹಿಂದಕ್ಕೆ ತಳ್ಳಿ, ಅಥವಾ ಎರಡನೆಯ ಪದರ ಕಾಗದ ಅಂಟಿಸಿ. ಹಳೆಯ ಕಾಲದ ಹ್ಯಾಲೋಜನ್ ದೀಪ ಮನೆಯಲ್ಲಿದ್ದರೂ ಕಾಗದದ ಹಿಂದೆ ಇಡಬೇಡಿ, ಕಾಗದ ಹೊತ್ತಿಕೊಳ್ಳುವಷ್ಟು ಕಾಯುತ್ತದೆ.

## ಹಂತ 5: ಥರ್ಮಾಕೋಲ್ ಮತ್ತು ಕಪ್ಪು ಹಾಳೆ

ಆಟಿಕೆಯ ಬಲ ಮಗ್ಗುಲು ಈಗ ಕತ್ತಲಾಗಿರುತ್ತದೆ. ಥರ್ಮಾಕೋಲ್ ಹಲಗೆಯನ್ನು ಬಲಗಡೆ, ಫೋಟೋದ ಚೌಕದಿಂದ ಸ್ವಲ್ಪವೇ ಹೊರಗೆ ನಿಲ್ಲಿಸಿ. ಎಡಗಡೆಯಿಂದ ಬಂದ ಬೆಳಕನ್ನು ಅದು ಹಿಂದಿರುಗಿಸುತ್ತದೆ. ಹತ್ತಿರ ತಂದರೆ ನೆರಳು ತಿಳಿಯಾಗುತ್ತದೆ, ದೂರ ಒಯ್ದರೆ ಕಪ್ಪಾಗುತ್ತದೆ. ಬಲ ಮಗ್ಗುಲಿನ ಬಣ್ಣ ಯಾವುದೆಂದು ಸಲೀಸಾಗಿ ಗೊತ್ತಾಗಬೇಕು, ಆದರೆ ಎಡಕ್ಕಿಂತ ಒಂದು ಛಾಯೆ ಕಡಿಮೆಯೇ ಇರಬೇಕು.

ಕಪ್ಪು ಹಾಳೆಯ ಉಪಯೋಗ ಬಹಳ ಜನರಿಗೆ ಗೊತ್ತಿಲ್ಲ. ನಿಮ್ಮ ಹಿಂದಿನ ಬಿಳಿ ಗೋಡೆ, ತಿಳಿ ಬಣ್ಣದ ಅಂಗಿ ಇವೆಲ್ಲ ಉಂಗುರದ ಮುಂಭಾಗದ ಮೇಲೆ ತೆಳುವಾಗಿ ಮೂಡಿ ಕೆಂಪಿನ ಮೇಲೆ ಹಾಲಿನ ಪೊರೆ ಕಟ್ಟುತ್ತವೆ. ಕಣ್ಣಿಗೆ ಪ್ರತಿಬಿಂಬ ಎಂದು ತಿಳಿಯುವುದಿಲ್ಲ, ಬಣ್ಣವೇ ಪೇಲವ ಎನಿಸುತ್ತದೆ. ಕಪ್ಪು ಹಾಳೆಯ ನಡುವೆ ಲೆನ್ಸಿನಷ್ಟು ತೂತು ಮಾಡಿ, ಫೋನಿನ ಮುಂದೆ ಇಳಿಬಿಟ್ಟು ನೋಡಿ. ಎಡಿಟಿಂಗ್‌ನಲ್ಲಿ ಬಣ್ಣ ಏರಿಸಿ ಪಡೆಯಲಾಗದ ಕಡು ಕೆಂಪು ಇದರಿಂದ ತಾನೇ ಬರುತ್ತದೆ. ಕಪ್ಪು ಅಥವಾ ಕಡು ನೀಲಿ ಅಂಗಿ ತೊಟ್ಟರೂ ಅರ್ಧ ಕೆಲಸ ಆಗುತ್ತದೆ.

ಬಣ್ಣ ಹಾಕದ ಮರದ ಆಟಿಕೆ, ದಂತದ ಬಣ್ಣದ್ದು ಇದ್ದರೆ ಕಪ್ಪು ಹಾಳೆಯ ಎರಡು ಪಟ್ಟಿಗಳನ್ನು ಆಟಿಕೆಯ ಎರಡೂ ಪಕ್ಕ, ಚೌಕದ ಹೊರಗೆ, ಸ್ವಲ್ಪ ಹಿಂದೆ ನಿಲ್ಲಿಸಿ. ಅಂಚಿನಲ್ಲಿ ತೆಳ್ಳನೆಯ ಕಡು ಗೆರೆ ಬಂದು ಬಿಳಿ ಹಿನ್ನೆಲೆಯಿಂದ ಆಟಿಕೆ ಬೇರೆಯಾಗಿ ನಿಲ್ಲುತ್ತದೆ.

## ಹಂತ 6: ಫೋನು ನಿಲ್ಲಿಸುವುದು

ಫೋನನ್ನು ಟ್ರೈಪಾಡಿಗೆ ಸಿಕ್ಕಿಸಿ, ಆಟಿಕೆಯಿಂದ ಎರಡು, ಎರಡೂವರೆ ಅಡಿ ದೂರ ಇಡಿ. ಆಟಿಕೆ ಚಿಕ್ಕದಾಗಿ ಕಾಣುತ್ತದೆಂದು ಹತ್ತಿರ ಹೋಗಬೇಡಿ. ಹತ್ತಿರ ಹೋದರೆ ನಡುವಿನ ಉಂಗುರ ಉಬ್ಬಿ, ಮೇಲಿನದೂ ಕೆಳಗಿನದೂ ಕುಗ್ಗಿ, ಗೋಪುರ ಹೊಟ್ಟೆ ಬಿಟ್ಟಂತೆ ಕಾಣುತ್ತದೆ. ದೂರದಲ್ಲೇ ಇದ್ದು 2x ಒತ್ತಿ. ಅದಕ್ಕಿಂತ ಹೆಚ್ಚು ಜೂಮ್ ಮಾಡಬೇಡಿ, ಪ್ರತ್ಯೇಕ ಟೆಲಿ ಲೆನ್ಸ್ ಇರುವ ಫೋನಾದರೆ ಮಾತು ಬೇರೆ. 0.5x ಅಂತೂ ಮುಟ್ಟಲೇಬೇಡಿ.

ಮುಖ್ಯ ಫೋಟೋಗೆ ಲೆನ್ಸು ಗೋಪುರದ ನಡು ಎತ್ತರದಲ್ಲಿ ಇರಲಿ, ಫೋನು ನೆಟ್ಟಗೆ ನಿಲ್ಲಲಿ. ಕ್ಯಾಮೆರಾ ಸೆಟ್ಟಿಂಗ್‌ನಲ್ಲಿ ಗ್ರಿಡ್ ಗೆರೆಗಳನ್ನು ಆನ್ ಮಾಡಿಕೊಂಡರೆ ಗೋಪುರದ ಕಡ್ಡಿ ಗೆರೆಗೆ ಸಮವಾಗಿದೆಯೇ ಎಂದು ನೋಡಬಹುದು.

## ಹಂತ 7: ಫೋನಿನ ಸೆಟ್ಟಿಂಗ್

ಮೊದಲು ಆಫ್ ಮಾಡಬೇಕಾದವು: ಫ್ಲ್ಯಾಶ್, ಪೋರ್ಟ್ರೇಟ್ ಮೋಡ್, ಬಣ್ಣ ತಾನಾಗಿ ಏರಿಸುವ ಸೀನ್ ಗುರುತಿಸುವ ಸೌಲಭ್ಯ, ಎಲ್ಲ ಬಗೆಯ ಫಿಲ್ಟರ್. ಪೋರ್ಟ್ರೇಟ್ ಮೋಡ್ ಹಿನ್ನೆಲೆಯ ಜೊತೆಗೆ ಉಂಗುರದ ಅಂಚನ್ನೂ ಮಸುಕು ಮಾಡುತ್ತದೆ.

ಈ ಅಂಕಿಗಳನ್ನು ನಾವೇ ಇಡಲು ಬಿಡುವ Pro ಮೋಡ್ ಫೋನಿನಲ್ಲಿದ್ದರೆ ಕೆಲಸ ಸುಲಭ. ISO ಎಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಎಂಬ ಅಂಕಿ, ಅದನ್ನು 100ಕ್ಕೆ ಅಥವಾ ನಿಮ್ಮ ಫೋನಿನ ಅತಿ ಕಡಿಮೆಗೆ ಇಳಿಸಿ. ಶಟರ್ ವೇಗವನ್ನು, ಅಂದರೆ ಕ್ಯಾಮೆರಾ ಬೆಳಕು ಹಿಡಿಯುವ ಹೊತ್ತನ್ನು, ಸೆಕೆಂಡಿನ 1/50 ಅಥವಾ 1/100ಕ್ಕೆ ಇಡಿ. ಈ ಅಂಕಿಗಳಿಗೆ ಕಾರಣವಿದೆ. ನಮ್ಮ ಮನೆಯ ಕರೆಂಟು 50 ಹರ್ಟ್ಸಿನದು, ಅಗ್ಗದ ಎಲ್‌ಇಡಿ ಬಲ್ಬು ಅದಕ್ಕೆ ತಕ್ಕಂತೆ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಶಟರ್ ಇದಕ್ಕಿಂತ ವೇಗವಾಗಿದ್ದರೆ ಫೋಟೋದಲ್ಲಿ ಅಡ್ಡಡ್ಡ ಕಪ್ಪು ಪಟ್ಟೆಗಳು ಬರುತ್ತವೆ. ಪರದೆಯ ಮೇಲೆ ಪಟ್ಟೆಗಳು ಮೇಲೆ ಕೆಳಗೆ ಹರಿದಾಡುತ್ತಿದ್ದರೆ ಅದೇ ಸೂಚನೆ.

ಬೆಳಕಿನ ಬಣ್ಣಕ್ಕೆ ತಕ್ಕಂತೆ ಬಿಳಿಯನ್ನು ಬಿಳಿಯಾಗಿ ತೋರಿಸುವ ವೈಟ್ ಬ್ಯಾಲೆನ್ಸನ್ನು, ಅಂದರೆ WB ಅನ್ನು, ಫೋನೇ ತೀರ್ಮಾನಿಸುವ AWBಯಲ್ಲಿ ಬಿಡಬೇಡಿ. ಕೆಂಪು ಹೆಚ್ಚಿರುವ ವಸ್ತು ಕಂಡರೆ ಫೋನು ಅದನ್ನು ಸರಿಪಡಿಸಲು ಹೋಗಿ ಹಾಳೆಯನ್ನು ಹಸಿರು ನೀಲಿ ಮಾಡುತ್ತದೆ. ಬಲ್ಬು 6500K ಆಗಿದ್ದರೆ WB ಅನ್ನೂ 6500ರ ಆಸುಪಾಸಿಗೆ ತಂದು, ಖಾಲಿ ಹಾಳೆ ಬಿಳಿಯಾಗಿ ಕಾಣುವ ಕಡೆ ನಿಲ್ಲಿಸಿ. ಅಂಕಿ ಮುಖ್ಯವಲ್ಲ, ಹಾಳೆ ಮುಖ್ಯ.

Pro ಮೋಡ್ ಇಲ್ಲದ ಫೋನಿನಲ್ಲಿ ಪರದೆಯ ಮೇಲೆ ಆಟಿಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ, ಫೋಕಸ್ ಮತ್ತು ಬೆಳಕು ಲಾಕ್ ಆಗುತ್ತವೆ. ಆಮೇಲೆ ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಮೇಲಕ್ಕೆ ಎಳೆದು ಬೆಳಕು ಏರಿಸಿ. ಏರಿಸಲೇಬೇಕು. ಚೌಕದ ತುಂಬ ಬಿಳಿಯೇ ಇದ್ದಾಗ ಫೋನಿನ ಲೆಕ್ಕಾಚಾರ "ಬೆಳಕು ಜಾಸ್ತಿಯಾಯಿತು" ಎಂದುಕೊಂಡು ಇಡೀ ಫೋಟೋವನ್ನು ಕತ್ತಲು ಮಾಡುತ್ತದೆ. ಬಿಳಿ ಹಾಳೆ ಬೂದಾಗುವ ಮೂಲ ಇದೇ.

## ಹಂತ 8: ಪರೀಕ್ಷೆಯ ಫೋಟೋ, ಆಮೇಲೆ ನಿಜವಾದದ್ದು

ಎರಡು ಸೆಕೆಂಡಿನ ಟೈಮರ್ ಹಾಕಿ ತೆಗೆಯಿರಿ. ಬೆರಳು ತಾಗಿದ ಅಲುಗಾಟ 1/50ರಲ್ಲಿ ಖಂಡಿತ ಕಾಣುತ್ತದೆ.

ಗೋಪುರದ ಉದಾಹರಣೆಯಲ್ಲಿ ಇದು ಹೇಗೆ ಸಾಗುತ್ತದೆ ನೋಡಿ. ISO 100, ಶಟರ್ 1/100ರಲ್ಲಿ ಮೊದಲ ಫೋಟೋ. ದೊಡ್ಡದು ಮಾಡಿ ನೋಡಿದರೆ ಹೊಳಪಿನ ಸಾಲು ಸರಿಯಿದೆ, ಆದರೆ ಹಾಳೆ ತಿಳಿ ಬೂದು, ಹಸಿರು ಉಂಗುರ ಕಪ್ಪಿಗೆ ಹತ್ತಿರ. ISO ಮುಟ್ಟದೆ ಶಟರನ್ನು 1/50ಕ್ಕೆ ಇಳಿಸಿದಾಗ ಬೆಳಕು ಎರಡರಷ್ಟಾಗುತ್ತದೆ. ಈಗ ಹಿಂದಿನ ಹಾಳೆ ಬಿಳಿ, ಹಸಿರು ಹಸಿರಾಗಿಯೇ ಇದೆ, ಆದರೆ ಹಳದಿ ಉಂಗುರದ ಬಲ ಅಂಚು ಕರಗಿದೆ. ಎಂದರೆ ಹಿನ್ನೆಲೆಯ ಬಲ್ಬು ಅತಿಯಾಯಿತು. ಶಟರ್ ಹಾಗೇ ಬಿಟ್ಟು ಆ ಬಲ್ಬನ್ನು ಮಾತ್ರ ಹಿಂದಕ್ಕೆ ಸರಿಸಿದರೆ ಅಂಚು ಮರಳುತ್ತದೆ. ಮುಂದಿನ ಹಾಳೆ, ಅಂದರೆ ಆಟಿಕೆ ನಿಂತ ನೆಲ, ಇನ್ನೂ ಒಂದಿಷ್ಟು ಬೂದಾಗಿರುತ್ತದೆ. ಅದನ್ನು ಎಡಿಟಿಂಗ್‌ಗೆ ಬಿಡಬಹುದು.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಬಲ್ಬೂ ಸರಿಸಿ, ಶಟರೂ ತಿರುಗಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ.

ಮುಖ್ಯ ಫೋಟೋ ಸಿಕ್ಕ ಮೇಲೆ ಅದೇ ಬೆಳಕಿನಲ್ಲಿ ಉಳಿದವು: ಸ್ವಲ್ಪ ಮೇಲಿನಿಂದ ಒಂದು, ಉಂಗುರಗಳನ್ನು ಬಿಡಿಬಿಡಿಯಾಗಿ ಹರಡಿ ಒಂದು, ಅರಗಿನ ಮೈ ಹತ್ತಿರದಿಂದ ಒಂದು, ಗಾತ್ರ ತಿಳಿಯಲು ಪಕ್ಕದಲ್ಲಿ ಸ್ಕೇಲ್ ಇಟ್ಟೋ ಕೈಯಲ್ಲಿ ಹಿಡಿದೋ ಒಂದು. ಕೊನೆಯದನ್ನು ಬಿಡಬೇಡಿ. ಬಿಳಿ ಹಿನ್ನೆಲೆಯಲ್ಲಿ 18 ಸೆಂಟಿಮೀಟರ್ ಗೋಪುರಕ್ಕೂ 30 ಸೆಂಟಿಮೀಟರಿನದಕ್ಕೂ ವ್ಯತ್ಯಾಸ ಕಾಣುವುದಿಲ್ಲ, ಪೆಟ್ಟಿಗೆ ತೆರೆದವರು "ಇಷ್ಟು ಚಿಕ್ಕದಾ" ಎನ್ನುತ್ತಾರೆ.

## ಹಂತ 9: ಎಡಿಟಿಂಗ್, ಕಡಿಮೆ ಮಾಡಿದಷ್ಟೂ ಒಳ್ಳೆಯದು

ಮೊದಲು ನಿಮ್ಮ ಫೋನಿನ ಪರದೆ ಸುಳ್ಳು ಹೇಳದಂತೆ ನೋಡಿಕೊಳ್ಳಿ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ Vivid ಇದ್ದರೆ Natural ಮಾಡಿ. ರಾತ್ರಿ ಪರದೆ ಹಳದಿಯಾಗುವ ಕಣ್ಣಿನ ರಕ್ಷಣೆಯ ಸೌಲಭ್ಯವನ್ನು ಆಫ್ ಮಾಡಿ. ಅದು ಆನ್ ಇದ್ದಾಗ ಬಣ್ಣ ತಿದ್ದಿದವರ ಆಟಿಕೆಗಳೆಲ್ಲ ಬೆಳಗ್ಗೆ ನೀಲಿಯಾಗಿರುತ್ತವೆ.

ಫೋಟೋ ತಿದ್ದುವ ಸ್ನ್ಯಾಪ್‌ಸೀಡ್ ಆ್ಯಪ್ ಉಚಿತ, ಈ ಕೆಲಸಕ್ಕೆ ಅದೇ ಸಾಕು. ಕ್ರಮ ಹೀಗಿರಲಿ. ಮೊದಲು Crop ತೆರೆದು ಚೌಕಾಕಾರ ಮಾಡಿ. ಆಮೇಲೆ White Balance ತೆರೆದು, ಅಲ್ಲಿನ ಡ್ರಾಪರ್ ಗುರುತನ್ನು ಹಾಳೆಯ ತಿಳಿ ಬೂದು ಇರುವ ಜಾಗದ ಮೇಲೆ ಇಡಿ. ಪೂರ್ತಿ ಬೆಳ್ಳಗಾದ ಜಾಗದಲ್ಲಿ ಇಟ್ಟರೆ ಅದಕ್ಕೆ ಬಣ್ಣದ ಸುಳಿವೇ ಸಿಗುವುದಿಲ್ಲ. ನಂತರ Curves ತೆರೆದು, ಬಲಗಡೆ ಮೇಲ್ತುದಿಯ ಬಿಂದುವನ್ನು ನಿಧಾನವಾಗಿ ಎಡಕ್ಕೆ ಎಳೆಯಿರಿ. ನೆಲದ ಬೂದು ಬಿಳಿಯಾಗುತ್ತಾ ಬರುತ್ತದೆ. ಆಟಿಕೆಯ ಬುಡದ ಮೆತ್ತನೆಯ ನೆರಳು ಉಳಿದಿರುವಾಗಲೇ ನಿಲ್ಲಿಸಿ. ನೆರಳು ಪೂರ್ತಿ ಹೋದರೆ ಗೋಪುರ ಗಾಳಿಯಲ್ಲಿ ತೇಲುತ್ತದೆ. ಒಂದೇ ಮೂಲೆಯಲ್ಲಿ ಬೂದು ಉಳಿದರೆ Selective ಬಳಸಿ ಆ ಮೂಲೆಯನ್ನಷ್ಟೇ ಏರಿಸಿ.

ಬಣ್ಣದ ಗಾಢತೆ ಏರಿಸುವ Saturation ಮುಟ್ಟಬೇಡಿ. ಆಟಿಕೆಯನ್ನು ಫೋನಿನ ಪಕ್ಕದಲ್ಲೇ ಇಟ್ಟುಕೊಂಡು ಹಗಲಿನ ನೆರಳಿನ ಬೆಳಕಿನಲ್ಲಿ ಹೋಲಿಸಿ. ಕೆಂಪು ಇನ್ನೂ ಒಪ್ಪದಿದ್ದರೆ ದೋಷ ಬಲ್ಬಿನದು. ಅದೇ ಆಟಿಕೆಯನ್ನು ಬಿಸಿಲು ನೇರ ಬೀಳದ ಕಿಟಕಿಯ ಪಕ್ಕ, ಬಲ್ಬುಗಳನ್ನು ಆರಿಸಿ, ಅದೇ ಚೌಕಟ್ಟು ಮತ್ತು ಥರ್ಮಾಕೋಲ್ ಇಟ್ಟು ತೆಗೆದು ನೋಡಿ. ಕಿಟಕಿಯ ಬೆಳಕಿನಲ್ಲಿ ಕೆಂಪು ಸರಿಯಾಗಿ ಬರುತ್ತದೆ. ಮೋಡ ಸರಿದಂತೆ ಬೆಳಕು ಬದಲಾಗುವುದರಿಂದ ಇಪ್ಪತ್ತು ಆಟಿಕೆ ಒಂದೇ ಸಮನೆ ಬರುವುದಿಲ್ಲ ಎನ್ನುವುದಷ್ಟೇ ಅದರ ಕೊರತೆ.

ಹಿನ್ನೆಲೆಯನ್ನು ಕತ್ತರಿಸಿ ತೆಗೆಯುವ ಆ್ಯಪ್‌ಗಳ ಬಗ್ಗೆ ಕೇಳುವವರಿಗೆ: ಹೊಳಪು ಅಂಚಿಗೆ ಹತ್ತಿರ ಬಿದ್ದ ಕಡೆ ಅವು ಹೊಳಪನ್ನೇ ಹಿನ್ನೆಲೆ ಎಂದು ತಿಳಿದು ಉಂಗುರವನ್ನು ಕಚ್ಚಿ ಹಾಕುತ್ತವೆ. ಉಂಗುರಗಳ ನಡುವಿನ ಸಂದಿನಲ್ಲಿ ಬೂದು ಚೂರು ಉಳಿಸುತ್ತವೆ. ಮೇಲಿನ ಹಂತಗಳನ್ನು ಮಾಡಿದರೆ ಅವುಗಳ ಅಗತ್ಯ ಬರುವುದಿಲ್ಲ.

## ಹಂತ 10: ಅಳತೆ, ತಪಾಸಣೆ, ಕಳಿಸುವುದು

ಅಮೆಜಾನಿನ ಮುಖ್ಯ ಚಿತ್ರಕ್ಕೆ ಹಿನ್ನೆಲೆ ಶುದ್ಧ ಬಿಳಿ ಇರಬೇಕು, ಅಂದರೆ ಬಣ್ಣದ ಅಂಕಿ 255, 255, 255. ವಸ್ತು ಚೌಕದ ಸುಮಾರು ಶೇಕಡ 85 ಭಾಗ ತುಂಬಿರಬೇಕು. ಗಿರಾಕಿಗೆ ಜೂಮ್ ಸಿಗಬೇಕಾದರೆ ಉದ್ದದ ಬದಿ ಕನಿಷ್ಠ 1000 ಪಿಕ್ಸೆಲ್ ಇರಬೇಕು. ಅಂಗಡಿಯ ಹೆಸರು, ಬೆಲೆ, ಲೋಗೋ ಯಾವುದನ್ನೂ ಚಿತ್ರದ ಮೇಲೆ ಬರೆಯುವಂತಿಲ್ಲ. ಮಾರಾಟದಲ್ಲಿ ಸೇರದ ವಸ್ತುವೂ ಮುಖ್ಯ ಚಿತ್ರದಲ್ಲಿ ಇರಬಾರದು, ಆದ್ದರಿಂದ ಸ್ಕೇಲ್ ಇಟ್ಟ ಫೋಟೋ ಎರಡನೆಯ ಸ್ಥಾನದ ನಂತರ ಬರಲಿ. ಬೇರೆ ತಾಣಗಳ ನಿಯಮ ಬೇರೆ ಇರಬಹುದು, ಮಾರಾಟಗಾರರ ಪುಟದಲ್ಲಿ ಒಮ್ಮೆ ಓದಿಕೊಳ್ಳಿ. ಚೌಕಾಕಾರದ 2000 ಪಿಕ್ಸೆಲ್ ಜೆಪೆಗ್ ಮಾಡಿಟ್ಟುಕೊಂಡರೆ ಮೇಲಿನ ಅಳತೆಯನ್ನು ಸಲೀಸಾಗಿ ದಾಟುತ್ತದೆ. ಐಫೋನಿನವರು Settings ಒಳಗೆ Camera, ಅದರೊಳಗೆ Formats ತೆರೆದು Most Compatible ಆರಿಸಿದರೆ ಫೋಟೋ ಜೆಪೆಗ್ ಆಗಿಯೇ ಉಳಿಯುತ್ತದೆ.

ಹಿನ್ನೆಲೆ ನಿಜಕ್ಕೂ ಶುದ್ಧ ಬಿಳಿಯೇ ಎಂದು ತಿಳಿಯಲು ಒಂದು ಸುಲಭ ದಾರಿ: ಚಿತ್ರವನ್ನು ಖಾಲಿ ಬಿಳಿ ಡಾಕ್ಯುಮೆಂಟಿನಲ್ಲಿ ಸೇರಿಸಿ, ಪರದೆಯ ಬೆಳಕು ಪೂರ್ತಿ ಏರಿಸಿ ನೋಡಿ. ಚಿತ್ರದ ಚೌಕದ ಅಂಚು ಎಲ್ಲಿಯೂ ಕಾಣಬಾರದು. ಕಂಡರೆ ಆ ಕಡೆ ಇನ್ನೂ ಬೂದು ಇದೆ, Curvesಗೆ ವಾಪಸ್ ಹೋಗಿ. ಆಮೇಲೆ ಅದೇ ಚಿತ್ರವನ್ನು ಇನ್ನೊಂದು ಕಂಪನಿಯ ಫೋನಿನಲ್ಲಿ, ಹೆಬ್ಬೆರಳ ಉಗುರಿನಷ್ಟು ಚಿಕ್ಕದು ಮಾಡಿ ನೋಡಿ. ಹುಡುಕಿದಾಗ ಬರುವ ಸಾಲಿನಲ್ಲಿ ಗಿರಾಕಿಗೆ ಕಾಣುವುದು ಹೆಚ್ಚುಕಡಿಮೆ ಅಷ್ಟೇ. ಅಷ್ಟರಲ್ಲಿ ಇದು ಉಂಗುರಗಳ ಗೋಪುರ ಎಂದು ಗೊತ್ತಾಗದಿದ್ದರೆ ಇನ್ನಷ್ಟು ಬಿಗಿಯಾಗಿ ಕ್ರಾಪ್ ಮಾಡಬೇಕು.

ಇಷ್ಟೆಲ್ಲ ಮಾಡಿ ಕೊನೆಗೆ ಕೆಡಿಸಿಕೊಳ್ಳುವುದು ವಾಟ್ಸಾಪ್‌ನಲ್ಲಿ. ಲಿಸ್ಟಿಂಗ್ ಹಾಕುವ ಮಗನಿಗೋ ಏಜೆಂಟಿಗೋ ಫೋಟೋ ಎಂದು ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸಿಯೇ ಕಳಿಸುತ್ತದೆ, ಅರಗಿನ ನಯವಾದ ಮೈಮೇಲೆ ಚೌಕಚೌಕದ ಕಲೆ ಬರುತ್ತದೆ. ಅಟ್ಯಾಚ್ ಗುರುತು ಒತ್ತಿ Document ಎಂದು ಆರಿಸಿ ಕಳಿಸಿ, ಅಥವಾ ಕೇಬಲ್ ಹಾಕಿ ಕಂಪ್ಯೂಟರಿಗೆ ಇಳಿಸಿ. ಫೈಲಿಗೆ ಆಟಿಕೆಯ ಹೆಸರು, ಬಣ್ಣ, ಕೋನ ಸೇರಿಸಿ ಹೆಸರಿಡಿ.

ಸಾಮಾನು ಎತ್ತಿಡುವ ಮುನ್ನ ಚೌಕಟ್ಟು, ಎರಡು ಬಲ್ಬು, ಟ್ರೈಪಾಡ್, ಆಟಿಕೆ ಇದ್ದ ಜಾಗಗಳಿಗೆಲ್ಲ ಟೇಪಿನ ಗುರುತು ಹಾಕಿ, ISO, ಶಟರ್, WB ಅಂಕಿಗಳನ್ನು ಚಾರ್ಟ್ ಪೇಪರಿನ ಹಿಂಬದಿಗೆ ಬರೆದಿಡಿ. ಮುಂದಿನ ತಿಂಗಳು ಹೊಸ ಬಣ್ಣದ ಗೋಪುರ ಬಂದಾಗ ಅದರ ಫೋಟೋ ಹಳೆಯವುಗಳ ಪಕ್ಕ ಒಂದೇ ಅಂಗಡಿಯದೆಂದು ಕಾಣಬೇಕಾದರೆ ಈ ಗುರುತುಗಳು ಬೇಕು.